ಏಳರಲ್ಲಿ ಆರು ಕಳೆದರೆ ಒಂದು ಉಳಿಯುವುದಿಲ್ಲ

ಪ್ರಶ್ನೆ: ನನಗೆ 42 ವರ್ಷ. ಸದ್ಯಕ್ಕೆ ಬೇಡದ 10 ಲಕ್ಷ ಕೈಯಲ್ಲಿದೆ. ಇನ್ನು 20 ವರ್ಷ ಅದನ್ನು ಮುಟ್ಟುವ ಪ್ರಮೇಯ ಬರಲಾರದು. ಬ್ಯಾಂಕಿನ ನಿಶ್ಚಿತ ಠೇವಣಿಗೆ ಶೇ 7ರ ಬಡ್ಡಿ ಸಿಗುತ್ತದೆ, ಹಣದುಬ್ಬರ ಶೇ 6 ಎನ್ನುತ್ತಾರೆ. ಅಲ್ಲಿಗೆ ವರ್ಷಕ್ಕೆ ಶೇ 1ರಷ್ಟಾದರೂ ಉಳಿಯಿತಲ್ಲ, ಅಷ್ಟಕ್ಕೆ ಸಮಾಧಾನಪಟ್ಟುಕೊಳ್ಳಬಾರದೇ? ಷೇರಿಗೆ ಹಾಕಿ ಮುಳುಗಿದರೆ ಗತಿಯೇನು? ನನ್ನ ತಾಯಿ ಎಷ್ಟೋ ವರ್ಷಗಳಿಂದ ಠೇವಣಿಯ ಬಡ್ಡಿಯಲ್ಲೇ ಜೀವನ ಸಾಗಿಸುತ್ತಿದ್ದಾರೆ, ಅಸಲನ್ನು ಒಮ್ಮೆಯೂ ಮುಟ್ಟಿಲ್ಲ. ಅವರು ಮಾಡಿದ್ದರಲ್ಲಿ ತಪ್ಪೇನಿದೆ?

ಉತ್ತರ: ನೀವು ಆದಾಯ ತೆರಿಗೆ ಕಟ್ಟುವವರಾದರೆ ಆ ಒಂದು ಉಳಿಯುವುದಿಲ್ಲ. ಉಳಿಯುವುದಿರಲಿ, ಹೆಚ್ಚುಕಡಿಮೆ ಅಷ್ಟೇ ಕೈಬಿಟ್ಟು ಹೋಗುತ್ತದೆ. ಮೊದಲ ಒಂದು ವರ್ಷದ ಲೆಕ್ಕವನ್ನೇ ಹಾಕಿ ನೋಡೋಣ.

10 ಲಕ್ಷಕ್ಕೆ ಶೇ 7ರಂತೆ 70,000 ಬಡ್ಡಿ ಬಂತು. ನಿಮ್ಮ ತೆರಿಗೆ ದರ ಶೇ 30 ಎಂದು ಇಟ್ಟುಕೊಳ್ಳಿ. 21,000 ತೆರಿಗೆಗೆ ಹೋಯಿತು, 49,000 ಉಳಿಯಿತು. ಈಗ ನಿಮ್ಮ ಬಳಿ ಇರುವುದು 10,49,000. ಇತ್ತ ವರ್ಷದ ಹಿಂದೆ 10 ಲಕ್ಷಕ್ಕೆ ಬರುತ್ತಿದ್ದ ಸರಕುಗಳಿಗೆ ಈಗ 10,60,000 ಬೇಕು. 11,000 ಕೊರತೆ. ಬಡ್ಡಿಯಲ್ಲಿ ಒಂದು ಕಾಸನ್ನೂ ಖರ್ಚು ಮಾಡದೆ ಪೂರ್ತಿ ಠೇವಣಿಗೇ ಮರಳಿಸಿದರೂ ನೀವು ನಿಂತಿರುವುದು ಹೊರಟ ಜಾಗಕ್ಕಿಂತ ಹಿಂದೆ. ಕರಾರುವಾಕ್ಕಾದ ಲೆಕ್ಕ ಬೇಕೆಂದರೆ ಕಳೆಯುವ ಬದಲು ಭಾಗಿಸಬೇಕು: 1.049 ÷ 1.06 = 0.9896. ಅಂದರೆ ನಿಮ್ಮ ಹಣದ ಕೊಳ್ಳುವ ಶಕ್ತಿ ವರ್ಷಕ್ಕೆ ಶೇ 1ಕ್ಕಿಂತ ತುಸು ಹೆಚ್ಚು ಕರಗುತ್ತಿದೆ.

ತಪ್ಪಿದ್ದೆಲ್ಲಿ? ನೀವು ಬಡ್ಡಿಯಿಂದ ಹಣದುಬ್ಬರವನ್ನು ಕಳೆದು, ಉಳಿದದ್ದು ನಿಮ್ಮದು ಎಂದುಕೊಂಡಿರಿ. ತೆರಿಗೆ ಇಲಾಖೆಯ ಲೆಕ್ಕ ಹಾಗಿಲ್ಲ. ಬಂದ 70,000ದಲ್ಲಿ 60,000 ನಿಮ್ಮ ಗಳಿಕೆಯೇ ಅಲ್ಲ. ಅಸಲು ಸವೆದದ್ದಕ್ಕೆ ಸಿಕ್ಕ ಭರ್ತಿ. ನಿಜವಾದ ಗಳಿಕೆ 10,000 ಮಾತ್ರ. ಆದರೆ ತೆರಿಗೆ ಬೀಳುವುದು ಪೂರಾ 70,000ದ ಮೇಲೆ. ಹತ್ತು ಸಾವಿರ ಗಳಿಸಿ ಇಪ್ಪತ್ತೊಂದು ಸಾವಿರ ತೆರಿಗೆ ಕಟ್ಟಿದಂತಾಯಿತು. ಶೇ 30 ಎಂದು ಕರೆಸಿಕೊಳ್ಳುವ ತೆರಿಗೆ ಇಲ್ಲಿ ಶೇ 200ನ್ನು ದಾಟಿದೆ. ಹಣದುಬ್ಬರ ಠೇವಣಿಯನ್ನು ಸವೆಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ತೆರಿಗೆಯ ಜೊತೆ ಕೈಜೋಡಿಸಿ ಸವೆಸುತ್ತದೆ ಎಂಬುದನ್ನು ಮಾತ್ರ ಎಷ್ಟೋ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದರ ಪರಿಣಾಮ ವಿಚಿತ್ರವಾದದ್ದು. ಬಡ್ಡಿ ಮತ್ತು ಹಣದುಬ್ಬರದ ನಡುವಿನ ಅಂತರ ಅಷ್ಟೇ ಇದ್ದರೂ, ಎರಡೂ ಒಟ್ಟಿಗೆ ಮೇಲೇರಿದರೆ ನೀವು ಬಡವರಾಗುತ್ತೀರಿ. ಬಡ್ಡಿ ಶೇ 3, ಹಣದುಬ್ಬರ ಶೇ 2 ಇರುವ ಕಡೆ 10 ಲಕ್ಷಕ್ಕೆ 30,000 ಬಂದು, ತೆರಿಗೆ ಕಳೆದು 21,000 ಉಳಿಯುತ್ತದೆ. ಬೆಲೆಯೇರಿಕೆಗೆ ಬೇಕಾದದ್ದು 20,000. ಒಂದು ಸಾವಿರ ಮಿಗುತ್ತದೆ. ಬಡ್ಡಿ ಶೇ 11, ಹಣದುಬ್ಬರ ಶೇ 10 ಇರುವ ಕಡೆ 1,10,000 ಬಂದು 77,000 ಉಳಿಯುತ್ತದೆ. ಬೇಕಾದದ್ದು ಒಂದು ಲಕ್ಷ. 23,000 ಕೊರತೆ. ಮೂರೂ ಕಡೆ ಅಂತರ ಒಂದೇ. ಆದರೂ 'ಹನ್ನೊಂದು ಪರ್ಸೆಂಟ್ ಬಡ್ಡಿ ಸಿಗುತ್ತಿದ್ದ ಆ ಒಳ್ಳೆಯ ಕಾಲ' ಎಂದು ನೆನೆಯುವವರಿಗೆ ಕಡಿಮೆ ಇಲ್ಲ. ಬಡ್ಡಿ ಹೆಚ್ಚಿದ್ದ ಕಾಲದಲ್ಲೇ ಠೇವಣಿದಾರರು ಹೆಚ್ಚು ಕಳೆದುಕೊಂಡಿರಬಹುದು ಎಂಬುದು ಅವರಿಗೆ ಹೊಳೆಯುವುದಿಲ್ಲ. ಯಾಕೆಂದರೆ ಹಣದುಬ್ಬರ ತಿಂದುಹಾಕಿದ ಮೊತ್ತವನ್ನು ನಮೂದಿಸಲು ಪಾಸ್‌ಬುಕ್ಕಿನಲ್ಲಿ ಅಂಕಣವೇ ಇಲ್ಲ.

ನಿಮ್ಮ ಮಟ್ಟಿಗೆ ಠೇವಣಿ ಬರೀ ಸಮಸಮವಾಗಬೇಕಾದರೆ ಬಡ್ಡಿ ಎಷ್ಟಿರಬೇಕು? ಹಣದುಬ್ಬರವನ್ನು, ತೆರಿಗೆ ಕಳೆದು ಕೈಗೆ ಉಳಿಯುವ ಪಾಲಿನಿಂದ ಭಾಗಿಸಿ: 6 ÷ 0.70 ಅಂದರೆ ಸುಮಾರು ಶೇ 8.6. ಠೇವಣಿಯ ಜಾಹೀರಾತು ಕಂಡಾಗಲೆಲ್ಲ ಹಾಕಿ ನೋಡಬೇಕಾದ ಲೆಕ್ಕ ಇದು. ತೆರಿಗೆಯೇ ಇಲ್ಲದವರಿಗೆ ಶೇ 6 ಸಾಕು. ಆದ್ದರಿಂದ ಒಂದೇ ಬ್ಯಾಂಕು, ಒಂದೇ ದರ, ಒಂದೇ ಅವಧಿಯಾದರೂ ತಾಯಿಗೆ ಲಾಭ ಕೊಡುವ ಠೇವಣಿ ಮಗನಿಗೆ ನಷ್ಟ ತರಬಹುದು.

ಇನ್ನು 20 ವರ್ಷದ ಮಾತು. ವರ್ಷಕ್ಕೆ ತೆರಿಗೆ ಕಳೆದು ಶೇ 4.9ರಂತೆ ಬೆಳೆದರೆ ನಿಮ್ಮ 10 ಲಕ್ಷ 26 ಲಕ್ಷವಾಗುತ್ತದೆ. ಎರಡೂವರೆ ಪಟ್ಟಿಗಿಂತ ಹೆಚ್ಚು, ಕಣ್ಣಿಗೆ ತಂಪು. ಆದರೆ ಶೇ 6ರ ಹಣದುಬ್ಬರದಲ್ಲಿ ಬೆಲೆಗಳು ಅಷ್ಟರಲ್ಲಿ 3.2 ಪಟ್ಟಾಗಿರುತ್ತವೆ. ಆ 26 ಲಕ್ಷಕ್ಕೆ ಇಂದಿನ ಲೆಕ್ಕದಲ್ಲಿ ಸುಮಾರು 8.1 ಲಕ್ಷದ ಬೆಲೆ. ತೆರಿಗೆ ಇಲ್ಲದಿದ್ದರೆ ಇದೇ ಠೇವಣಿ ಇಂದಿನ ಬೆಲೆಯಲ್ಲಿ 12 ಲಕ್ಷವಾಗುತ್ತಿತ್ತು. ನೀವು ಸಮಾಧಾನಪಟ್ಟುಕೊಳ್ಳಬಹುದು ಎಂದುಕೊಂಡಿದ್ದ ಶೇ 1 ಆ ಹನ್ನೆರಡರಲ್ಲಿತ್ತು.

ಹಣದುಬ್ಬರ ಏರಿದರೆ ಬ್ಯಾಂಕುಗಳೂ ಬಡ್ಡಿ ಏರಿಸುತ್ತವಲ್ಲ, ಕೊನೆಗೆ ಎಲ್ಲ ಸರಿಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಒಂದು ಮಟ್ಟಿಗೆ ನಿಜ. ಬಡ್ಡಿದರದೊಳಗೆ ಜನ ನಿರೀಕ್ಷಿಸುವ ಹಣದುಬ್ಬರವೂ ಅಡಗಿರುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ ನೂರು ವರ್ಷಗಳಿಗೂ ಹಿಂದೆಯೇ ವಿವರಿಸಿದ್ದರು. ತೊಡಕಿರುವುದು 'ನಿರೀಕ್ಷಿಸುವ' ಎಂಬ ಮಾತಿನಲ್ಲಿ. ಐದು ವರ್ಷಕ್ಕೆ ಠೇವಣಿ ಇಟ್ಟ ದಿನ ದರ ನಿಗದಿಯಾಗಿ ಹೋಗುತ್ತದೆ. ಆಮೇಲೆ ಬೆಲೆಗಳು ನಿರೀಕ್ಷೆ ಮೀರಿ ಏರಿದರೆ ಆ ನಷ್ಟ ಪೂರ್ತಿ ನಿಮ್ಮದು. ಮುಂದಿನ ಸಲ ನವೀಕರಿಸುವಾಗ ಹೆಚ್ಚಿನ ದರ ಸಿಗಬಹುದು, ಆದರೆ ಕಳೆದ ಐದು ವರ್ಷದ ಬಾಕಿಯನ್ನು ಯಾರೂ ತುಂಬಿಕೊಡುವುದಿಲ್ಲ.

ಇತ್ತೀಚೆಗೆ ಹೀಗೆಯೇ ಆಯಿತು. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಠೇವಣಿಗಳ ಬಡ್ಡಿ ಸೊನ್ನೆಯ ಹತ್ತಿರವಿತ್ತು. ಅಲ್ಲಿಂದ ಎರಡೇ ವರ್ಷಗಳಲ್ಲಿ ಗ್ರಾಹಕ ಬೆಲೆಗಳು ಸುಮಾರು ಶೇ 14ರಷ್ಟು ಏರಿದವು. 2022ರ ಜೂನ್‌ನಲ್ಲಿ ವಾರ್ಷಿಕ ಹಣದುಬ್ಬರ ಶೇ 9.1 ಮುಟ್ಟಿತ್ತು, ಅದೇ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ಶೇ 11.1. ಆಮೇಲೆ ಬಡ್ಡಿ ಏರಿತು, ಹಣದುಬ್ಬರ ಇಳಿಯಿತು, ಪತ್ರಿಕೆಗಳು 'ಹಣದುಬ್ಬರ ಹತೋಟಿಗೆ' ಎಂದು ಬರೆದವು. ಹಣದುಬ್ಬರ ಇಳಿಯುವುದೆಂದರೆ ಬೆಲೆ ಇಳಿಯುವುದಲ್ಲ, ಏರುವ ವೇಗ ತಗ್ಗುವುದು. ಆ ಶೇ 14 ಹೋದದ್ದು ಹೋಯಿತು. ಭಾರತದಲ್ಲೂ 2010ರಿಂದ 2013ರವರೆಗೆ ಗ್ರಾಹಕ ಬೆಲೆಗಳ ಹಣದುಬ್ಬರ ಹೆಚ್ಚುಕಡಿಮೆ ಶೇ 9ರಿಂದ 12ರ ನಡುವೆ ಆಡುತ್ತಿದ್ದಾಗ ಬ್ಯಾಂಕ್ ಠೇವಣಿಯ ಬಡ್ಡಿ ಶೇ 8–9ರ ಆಸುಪಾಸಿನಲ್ಲಿತ್ತು. ತೆರಿಗೆ ಕಟ್ಟುವ ಮೊದಲೇ ಬಹುಪಾಲು ಠೇವಣಿದಾರರು ಹಿಂದೆ ಬಿದ್ದಿದ್ದರು.

ಒಮ್ಮೊಮ್ಮೆ ಬಡ್ಡಿ ಏರದಂತೆ ಸರ್ಕಾರವೇ ಅಡ್ಡ ನಿಲ್ಲುವುದೂ ಉಂಟು. ಅಮೆರಿಕದಲ್ಲಿ 'ರೆಗ್ಯುಲೇಷನ್ ಕ್ಯೂ' ಎಂಬ ನಿಯಮ ಉಳಿತಾಯ ಖಾತೆಯ ಬಡ್ಡಿಗೆ ಮಿತಿ ಹಾಕಿತ್ತು. 1980ರಲ್ಲಿ ಹಣದುಬ್ಬರ ಶೇ 13.5 ಇದ್ದಾಗ ವಾಣಿಜ್ಯ ಬ್ಯಾಂಕಿನ ಪಾಸ್‌ಬುಕ್ ಖಾತೆಗೆ ಕೊಡಬಹುದಾಗಿದ್ದ ಗರಿಷ್ಠ ಬಡ್ಡಿ ಶೇ 5.25. ದೊಡ್ಡ ಮೊತ್ತ ಇದ್ದವರು ಬೇರೆ ದಾರಿ ಹುಡುಕಿಕೊಂಡರು, ಸಣ್ಣ ಉಳಿತಾಯಗಾರರು ಸಿಕ್ಕಿಬಿದ್ದರು. ಆ ಮಿತಿಯನ್ನು ಹಂತಹಂತವಾಗಿ ಸಡಿಲಿಸಿ ಮುಗಿಸಿದ್ದು 1986ರಲ್ಲಿ. ಸಾಲದ ಹೊರೆ ಹೊತ್ತ ಸರ್ಕಾರಗಳಿಗೆ ಹಣದುಬ್ಬರಕ್ಕಿಂತ ಕಡಿಮೆ ಬಡ್ಡಿದರ ಬಹಳ ಅನುಕೂಲ ಎಂಬುದನ್ನು ಠೇವಣಿದಾರರು ಮರೆಯದಿರುವುದು ಒಳ್ಳೆಯದು.

ಈಗ ಷೇರಿಗೆ ಬರೋಣ. ಠೇವಣಿ ಎಂದರೆ ಇಂತಿಷ್ಟು ಹಣ ಕೊಡುತ್ತೇನೆಂಬ ಮಾತು. ಆ ಮಾತು ಹಣದ ಅಂಕಿಯಲ್ಲಿರುತ್ತದೆ, ಹಣ ಸವೆದರೆ ಮಾತೂ ಸವೆಯುತ್ತದೆ. ಷೇರು ಎಂದರೆ ಸರಕು ತಯಾರಿಸಿ ಮಾರುವ ಉದ್ದಿಮೆಯಲ್ಲಿ ಪಾಲು. ಎಲ್ಲ ಬೆಲೆಗಳೂ ಎರಡು ಪಟ್ಟಾದಾಗ ಕಂಪನಿ ಮಾರುವ ಸರಕಿನ ಬೆಲೆಯೂ ಸರಿಸುಮಾರು ಎರಡು ಪಟ್ಟಾಗುತ್ತದೆ. ಅಂಥ ಸರಕುಗಳ ಬೆಲೆಯೇರಿಕೆಗೇ ಅಲ್ಲವೇ ನಾವು ಹಣದುಬ್ಬರ ಎನ್ನುವುದು? ಸಂಬಳ, ಕಚ್ಚಾವಸ್ತು, ಬಾಡಿಗೆ ಎಲ್ಲ ಏರಿದರೂ ಕಾಲಕ್ರಮೇಣ ಲಾಭವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. ಕಂಪನಿ ಹಳೆಯ ದರದಲ್ಲಿ ಪಡೆದ ಸಾಲವನ್ನು ಸವೆದ ಹಣದಲ್ಲಿ ತೀರಿಸುತ್ತದೆ. ಬ್ಯಾಂಕು ಆ ಸಾಲ ಕೊಟ್ಟದ್ದು ನಿಮ್ಮಂಥವರ ಠೇವಣಿಯಿಂದಲೇ. ಠೇವಣಿದಾರ ಕಳೆದುಕೊಂಡದ್ದರಲ್ಲಿ ಒಂದು ಪಾಲು ಷೇರುದಾರನ ಜೇಬಿಗೆ ಸೇರುವ ದಾರಿ ಇದು.

ಇದು ಬರೀ ತರ್ಕವಲ್ಲ, ದಾಖಲೆಯೂ ಇದೆ. ಎಲ್ರಾಯ್ ಡಿಮ್ಸನ್, ಪಾಲ್ ಮಾರ್ಷ್, ಮೈಕ್ ಸ್ಟಾಂಟನ್ ಎಂಬ ಮೂವರು ವಿದ್ವಾಂಸರು 1900ರಿಂದ ಈಚೆಗೆ ಇಪ್ಪತ್ತಕ್ಕೂ ಹೆಚ್ಚು ದೇಶಗಳ ಷೇರು, ಬಾಂಡ್ ಮತ್ತು ಸರ್ಕಾರ ಕೆಲವೇ ತಿಂಗಳ ಸಾಲಕ್ಕೆ ಬರೆದುಕೊಡುವ ಅಲ್ಪಾವಧಿ ಹುಂಡಿಗಳ ಪ್ರತಿಫಲವನ್ನು ಒಟ್ಟುಹಾಕಿದ್ದಾರೆ. ಅವರ ಲೆಕ್ಕದಲ್ಲಿ ಜಗತ್ತಿನ ಷೇರುಗಳೆಲ್ಲ ಸೇರಿ ಹಣದುಬ್ಬರ ಕಳೆದು ವರ್ಷಕ್ಕೆ ಸುಮಾರು ಶೇ 5 ಗಳಿಸಿವೆ. ಠೇವಣಿಗೆ ಹತ್ತಿರದ ಸಂಬಂಧಿಯಾದ ಅಮೆರಿಕದ ಅಲ್ಪಾವಧಿ ಹುಂಡಿ ಶೇ 1ನ್ನೂ ಮುಟ್ಟಿಲ್ಲ. ಅದೂ ತೆರಿಗೆಗೆ ಮುಂಚಿನ ಲೆಕ್ಕ. 1917ರ ನಂತರ ರಷ್ಯಾದಲ್ಲಿ, 1949ರ ನಂತರ ಚೀನಾದಲ್ಲಿ ಷೇರುದಾರರ ಪಾಲಿಗೆ ಏನೂ ಉಳಿಯಲಿಲ್ಲ ಎಂಬುದನ್ನೂ ಇದರೊಟ್ಟಿಗೆ ನೆನಪಿಡಬೇಕು.

ಆ ಶೇ 5ನ್ನೇ ಹಿಡಿದು ನಿಮ್ಮ 10 ಲಕ್ಷಕ್ಕೆ ಲೆಕ್ಕ ಹಾಕೋಣ. ಹಣದುಬ್ಬರ ಶೇ 6, ಅದರ ಮೇಲೆ ಶೇ 5, ಒಟ್ಟು ಸುಮಾರು ಶೇ 11.3. ಹಣ ನಿರ್ವಹಿಸುವ ಫಂಡ್ ವರ್ಷಕ್ಕೆ ಶೇ 1 ವೆಚ್ಚ ಕಡಿದುಕೊಂಡರೆ ಶೇ 10.2 ಉಳಿಯುತ್ತದೆ. 20 ವರ್ಷಕ್ಕೆ 69.6 ಲಕ್ಷ. ಮಾರುವಾಗ ಒಮ್ಮೆ, ಲಾಭದ ಮೇಲೆ ಶೇ 15 ತೆರಿಗೆ ಎಂದುಕೊಂಡರೆ ಕೈಗೆ 60.7 ಲಕ್ಷ ಬರುತ್ತದೆ. ಇಂದಿನ ಬೆಲೆಯಲ್ಲಿ ಅದು ಸುಮಾರು 18.9 ಲಕ್ಷ. ಠೇವಣಿಯದು 8.1 ಇತ್ತು. ಇಲ್ಲೂ ತೆರಿಗೆ ಬೀಳುವುದು ಹಣದುಬ್ಬರ ಸೇರಿದ ಲಾಭದ ಮೇಲೆಯೇ. ಆದರೆ ಪ್ರತಿವರ್ಷ ಕತ್ತರಿಸದೆ ಕೊನೆಯಲ್ಲಿ ಒಮ್ಮೆ ಬೀಳುವುದರಿಂದ, ತೆರಿಗೆಗೆ ಹೋಗಬೇಕಾದ ಹಣವೂ ಅಲ್ಲಿಯವರೆಗೆ ನಿಮಗಾಗಿ ದುಡಿಯುತ್ತಿರುತ್ತದೆ.

ಇಷ್ಟು ಹೇಳಿ ನಿಲ್ಲಿಸುವವರು ಬಹಳ. ನೀವು ಕೇಳಿದ್ದು ಮುಳುಗಿದರೆ ಏನು ಎಂದು. ಅದಕ್ಕೂ ಉತ್ತರ ಕೊಡಬೇಕಲ್ಲ.

ಷೇರುಗಳು ಹಣದುಬ್ಬರದಿಂದ ರಕ್ಷಿಸುತ್ತವೆ ಎಂಬ ಮಾತು ದೀರ್ಘಾವಧಿಗೆ ಮಾತ್ರ ಸಲ್ಲುತ್ತದೆ. ಹಣದುಬ್ಬರ ಹಠಾತ್ತನೆ ಎದ್ದಾಗ ಷೇರುಗಳು ಏರುವುದಕ್ಕಿಂತ ಬೀಳುವುದೇ ಹೆಚ್ಚು. ಠೇವಣಿದಾರರನ್ನು ಹಣ್ಣುಮಾಡಿದ ಆ 2022ರಲ್ಲೇ ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ ಶೇ 19ರಷ್ಟು ಕುಸಿಯಿತು. ಬೆಲೆ ಏರುತ್ತದೆಂದು ಆ ವರ್ಷ ಠೇವಣಿ ಮುರಿದು ಷೇರು ಕೊಂಡವರಿಗೆ ಎರಡೂ ಕಡೆಯಿಂದ ಏಟು ಬಿತ್ತು.

ಇದಕ್ಕಿಂತ ಕಹಿಯಾದ ಉದಾಹರಣೆ ಅದೇ ದೇಶದ 1966ರಿಂದ 1982ರವರೆಗಿನ ಕಾಲ. 1966ರ ಫೆಬ್ರುವರಿಯಲ್ಲಿ ಡೌ ಜೋನ್ಸ್ ಸೂಚ್ಯಂಕ 995ಕ್ಕೆ ಮುಟ್ಟಿತ್ತು. 1982ರ ಆಗಸ್ಟ್‌ನಲ್ಲಿ ಅದು 777. ಆ ಹದಿನಾರು ವರ್ಷಗಳಲ್ಲಿ ಬೆಲೆಗಳು ಹೆಚ್ಚುಕಡಿಮೆ ಮೂರು ಪಟ್ಟಾಗಿದ್ದವು. ಲಾಭಾಂಶ ಸೇರಿಸಿಕೊಂಡರೂ ಷೇರುದಾರರ ನಿಜವಾದ ಗಳಿಕೆ ಸೊನ್ನೆಯ ಆಸುಪಾಸು. ಕಂಪನಿಗಳ ಲಾಭ ಏರಲಿಲ್ಲವೆಂದಲ್ಲ, ಅಂಕಿಯಲ್ಲಿ ಏರಿತು. ಆದರೆ ಬಡ್ಡಿದರ ಗಗನಕ್ಕೇರಿದ್ದರಿಂದ ಒಂದು ಡಾಲರ್ ಲಾಭಕ್ಕೆ ಜನ ಕೊಡಲು ಸಿದ್ಧರಿದ್ದ ಬೆಲೆ ಹದಿನೇಳು ಹದಿನೆಂಟು ಪಟ್ಟಿನಿಂದ ಏಳೆಂಟು ಪಟ್ಟಿಗೆ ಇಳಿಯಿತು. ಜೊತೆಗೆ ಕಂಪನಿಗಳಿಗೂ ನಿಮಗೆ ಆದಂಥದ್ದೇ ತೆರಿಗೆಯ ಅನ್ಯಾಯವಾಯಿತು. ಯಂತ್ರದ ಸವಕಳಿಯನ್ನು ಕೊಂಡ ಹಳೆಯ ಬೆಲೆಯಲ್ಲಿ ಮಾತ್ರ ಕಳೆಯಲು ಅವಕಾಶವಿತ್ತು. ಹೊಸ ಯಂತ್ರಕ್ಕೆ ತೆರಬೇಕಿದ್ದುದು ಏರಿದ ಬೆಲೆ. ಪುಸ್ತಕದಲ್ಲಿ ಲಾಭ ಉಬ್ಬಿ ಕಂಡಿತು, ಆ ಉಬ್ಬಿಗೂ ತೆರಿಗೆ ಬಿತ್ತು.

ಇಂಥದೇ ದುರದೃಷ್ಟ ನಿಮಗೂ ಬಂದು, 20 ವರ್ಷ ಷೇರುಗಳು ಹಣದುಬ್ಬರದಷ್ಟೇ ಬೆಳೆದು ನಿಂತವು ಎಂದುಕೊಳ್ಳಿ. ನಿಜವಾದ ಗಳಿಕೆ ಸೊನ್ನೆ. ಅದರಲ್ಲಿ ಫಂಡಿನ ವೆಚ್ಚ, ಕೊನೆಯ ತೆರಿಗೆ ಎಲ್ಲ ಕಳೆದರೆ ನಿಮ್ಮ ಕೈಗೆ ಇಂದಿನ ಬೆಲೆಯಲ್ಲಿ ಸುಮಾರು 7.4 ಲಕ್ಷ ಬರುತ್ತದೆ. ಅದನ್ನು ಠೇವಣಿಯ 8.1 ಲಕ್ಷದ ಪಕ್ಕದಲ್ಲಿಟ್ಟು ನೋಡಿ. ಷೇರಿನ ತೀರಾ ಕೆಟ್ಟ ಕಾಲಕ್ಕೂ ಠೇವಣಿಯ ಮಾಮೂಲಿ ಕಾಲಕ್ಕೂ ಇರುವ ವ್ಯತ್ಯಾಸ ನೀವು ಹೆದರಿದಷ್ಟು ದೊಡ್ಡದಲ್ಲ. ಮೊದಲನೆಯದು ಎಲ್ಲರ ಕಣ್ಣಿಗೆ ಬೀಳುತ್ತದೆ, ಎರಡನೆಯದಕ್ಕೆ ಸದ್ದಿಲ್ಲ.

ಆದರೆ ಇದಕ್ಕಿಂತಲೂ ಕೆಟ್ಟದ್ದು ಆಗಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರ್ 29ರಂದು 38,915ರಲ್ಲಿ ಮುಗಿಯಿತು. 20 ವರ್ಷದ ನಂತರ, 2009ರ ಕೊನೆಯಲ್ಲಿ, ಅದು 10,500ರ ಆಸುಪಾಸಿನಲ್ಲಿತ್ತು. ಹಳೆಯ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ಆ ಇಪ್ಪತ್ತು ವರ್ಷದಲ್ಲಿ ಜಪಾನಿನಲ್ಲಿ ಬೆಲೆಗಳು ಏರಿದ್ದು ಅತ್ಯಲ್ಪ, ಕೆಲವು ವರ್ಷ ಇಳಿದವು ಕೂಡ. ಅಲ್ಲಿ ಹೆಸರಿಗಷ್ಟೇ ಬಡ್ಡಿ ಪಡೆಯುತ್ತಿದ್ದ ಠೇವಣಿದಾರನ ಕೊಳ್ಳುವ ಶಕ್ತಿ ಮುಕ್ಕಾಗಲಿಲ್ಲ. ನಮ್ಮ ಇಡೀ ವಾದವನ್ನು ತಲೆಕೆಳಗು ಮಾಡುವ ಉದಾಹರಣೆ ಇದು. ಇದರಿಂದ ತಿಳಿಯುವುದು ಎರಡು. ಹಣದುಬ್ಬರವೇ ಇಲ್ಲದ ಕಡೆ ಠೇವಣಿಯ ಮೇಲಿನ ಮುಖ್ಯ ಆರೋಪವೇ ಬಿದ್ದುಹೋಗುತ್ತದೆ. ಮತ್ತು ಲಾಭದ ಅರವತ್ತು ಪಟ್ಟಿನಷ್ಟು ಬೆಲೆ ಕೊಟ್ಟು, ಅದೂ ಒಂದೇ ದೇಶದಲ್ಲಿ, ಒಂದೇ ದಿನ ಎಲ್ಲ ಹಣ ಸುರಿದರೆ 'ದೀರ್ಘಾವಧಿ' ಎಂಬುದು ಮನುಷ್ಯನ ಆಯಸ್ಸಿಗಿಂತ ಉದ್ದವಾಗಬಹುದು.

ಹೋಲಿಕೆ ಮಾಡುವವರು ಸಾಮಾನ್ಯವಾಗಿ ಎಡವುವ ಒಂದೆರಡು ಜಾಗಗಳನ್ನೂ ಹೇಳಿಬಿಡುತ್ತೇನೆ. ಸುದ್ದಿಯಲ್ಲಿ ಕೇಳುವ ಷೇರು ಸೂಚ್ಯಂಕಗಳು ಸಾಮಾನ್ಯವಾಗಿ ಬೆಲೆಯನ್ನು ಮಾತ್ರ ಲೆಕ್ಕ ಹಾಕುತ್ತವೆ, ಲಾಭಾಂಶವನ್ನು ಬಿಡುತ್ತವೆ. ಠೇವಣಿಯ ಬಡ್ಡಿಯನ್ನು ಸೇರಿಸಿ ಷೇರಿನ ಲಾಭಾಂಶವನ್ನು ಬಿಟ್ಟರೆ ತಕ್ಕಡಿ ಠೇವಣಿಯ ಕಡೆ ವಾಲುತ್ತದೆ. ಲಾಭಾಂಶವನ್ನು ಮರಳಿ ಹೂಡಿ ಲೆಕ್ಕ ಹಾಕುವ 'ಒಟ್ಟು ಪ್ರತಿಫಲ' ಸೂಚ್ಯಂಕಗಳು ಬೇರೆಯೇ ಇವೆ, ನೋಡಬೇಕಾದದ್ದು ಅವನ್ನು. ಫಂಡ್ ಮಾರುವವರು ಮಾಡುವ ಚಮತ್ಕಾರ ಇದಕ್ಕೆ ತಿರುಗುಮುರುಗು: ಷೇರು ಪೇಟೆ ನೆಲ ಕಚ್ಚಿದ ವರ್ಷದಿಂದ ಲೆಕ್ಕ ಶುರುಮಾಡಿ, ಹಣದುಬ್ಬರವನ್ನೂ ಕಳೆಯದೆ, 'ಇಷ್ಟು ಪಟ್ಟಾಯಿತು' ಎಂದು ತೋರಿಸುತ್ತಾರೆ. ಯಾವುದೇ ಪಟ್ಟಿ ತೋರಿಸಿದರೂ ಎಲ್ಲಿಂದ ಶುರುವಾಗಿದೆ, ತೆರಿಗೆ ಮತ್ತು ವೆಚ್ಚ ಕಳೆದಿದೆಯೇ, ಹಣದುಬ್ಬರ ಕಳೆದಿದೆಯೇ ಎಂದು ಕೇಳಿ. ಅಧಿಕೃತ ಹಣದುಬ್ಬರ ಎಲ್ಲ ಮನೆಗಳ ಸರಾಸರಿ ಎಂಬುದೂ ನೆನಪಿರಲಿ. ಶಾಲಾ ಶುಲ್ಕ ಕಟ್ಟುವವರ, ಔಷಧಿಗೆ ಹೆಚ್ಚು ಖರ್ಚು ಮಾಡುವವರ ಮನೆಯ ಹಣದುಬ್ಬರ ಬೇರೆಯೇ ಆಗಿರಬಹುದು. ಎರಡು ವರ್ಷದ ಮನೆಖರ್ಚನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನಿಮ್ಮದು ಎಷ್ಟೆಂದು ಅಂದಾಜಾಗುತ್ತದೆ.

ನಿಮ್ಮ 10 ಲಕ್ಷದ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ. 20 ವರ್ಷ ನಿಜಕ್ಕೂ ಬೇಡದ ಹಣವಾದರೆ ಅದರ ದೊಡ್ಡ ಪಾಲು ಷೇರಿನಲ್ಲಿರಬೇಕು: ಒಂದೆರಡು ಕಂಪನಿಗಳಲ್ಲಿ ಅಲ್ಲ, ಸೂಚ್ಯಂಕದಲ್ಲಿರುವ ಕಂಪನಿಗಳ ಷೇರನ್ನೆಲ್ಲ ಅದೇ ಪ್ರಮಾಣದಲ್ಲಿ ಕೊಂಡಿಡುವ, ವೆಚ್ಚ ಕಡಿಮೆಯಿರುವ ಸೂಚ್ಯಂಕ ಫಂಡುಗಳಲ್ಲಿ, ಸಾಧ್ಯವಾದರೆ ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ, ಒಂದೇ ಸಲಕ್ಕಲ್ಲ, ಎರಡು ಮೂರು ವರ್ಷಗಳಲ್ಲಿ ಹರಡಿ. ವೆಚ್ಚದ ಬಗ್ಗೆ ಒತ್ತಿ ಹೇಳುತ್ತಿದ್ದೇನೆ. ನಿಜವಾದ ಗಳಿಕೆ ಶೇ 5 ಇರುವಲ್ಲಿ ಫಂಡು ಶೇ 2 ಕಡಿದರೆ ಐದರಲ್ಲಿ ಎರಡು ಪಾಲು ಹೋದಂತೆ. ಠೇವಣಿಗೂ ಜಾಗವಿದೆ. ಮುಂದಿನ ನಾಲ್ಕೈದು ವರ್ಷದೊಳಗೆ ಬೇಕಾಗಬಹುದಾದ ಹಣಕ್ಕೆ, ಆಪತ್ತಿಗೆ ಒದಗಬೇಕಾದ ಹಣಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಾಮಾನ್ಯವಾಗಿ ಇಲ್ಲ. ಬಂದ ಬಡ್ಡಿಯನ್ನು ಸೇರಿಸಿಕೊಂಡರೆ, ನಾಲ್ಕು ವರ್ಷದಲ್ಲಿ ಹಣದುಬ್ಬರವೂ ತೆರಿಗೆಯೂ ಕೂಡಿ ಠೇವಣಿಯಲ್ಲಿ ತಿನ್ನುವುದು ಶೇ 4ರಷ್ಟಾದರೆ, ಷೇರು ಪೇಟೆ ಕೆಟ್ಟ ವರ್ಷದಲ್ಲಿ ಕೆಲವೇ ತಿಂಗಳಲ್ಲಿ ಶೇ 40 ತಿಂದದ್ದಿದೆ. ಕೆಲವು ದೇಶಗಳಲ್ಲಿ ಹಣದುಬ್ಬರಕ್ಕೆ ಕಟ್ಟಿಹಾಕಿದ ಸರ್ಕಾರಿ ಬಾಂಡುಗಳು ಸಿಗುತ್ತವೆ. ಬ್ರಿಟನ್ 1981ರಿಂದ, ಅಮೆರಿಕ 1997ರಿಂದ ಅವನ್ನು ಹೊರಡಿಸುತ್ತಿವೆ. ಸಿಗುವ ಕಡೆ ಠೇವಣಿಯ ಒಂದು ಪಾಲನ್ನು ಅಲ್ಲಿಗೆ ಸರಿಸಬಹುದು, ಪಕ್ವವಾಗುವವರೆಗೆ ಇಟ್ಟುಕೊಂಡರೆ, ಬೆಲೆಗಳು ಅನಿರೀಕ್ಷಿತವಾಗಿ ಏರಿದಾಗ ಅವು ಕೈಬಿಡುವುದಿಲ್ಲ. ಹಣ ಬೇಕಾಗುವ ವರ್ಷ ಹತ್ತಿರವಾದಂತೆ, ಅಂದರೆ ಹದಿನೈದನೆಯ ವರ್ಷದಿಂದಾಚೆಗೆ, ಷೇರಿನಿಂದ ಠೇವಣಿಗೆ ವರ್ಷವರ್ಷವೂ ಒಂದಿಷ್ಟು ಸರಿಸುತ್ತ ಹೋಗಿ. ಹಣ ಬೇಕಾದ ವರ್ಷವೇ ಪೇಟೆ ಕುಸಿದರೆ ಅದಕ್ಕೆ ಬೇರೆ ಪರಿಹಾರವಿಲ್ಲ.

ಇನ್ನು ನಿಮ್ಮ ತಾಯಿ. ಅಸಲು ಮುಟ್ಟಬಾರದು ಎಂಬ ಶಿಸ್ತು ದೊಡ್ಡದು, ಆದರೆ ಅವರಿಗೆ ತಿಳಿಯದಂತೆಯೇ ಅಸಲು ಖರ್ಚಾಗುತ್ತ ಬಂದಿದೆ. ಅವರಿಗೆ ತೆರಿಗೆ ಇಲ್ಲವೆಂದೇ ಇಟ್ಟುಕೊಳ್ಳಿ. 10 ಲಕ್ಷಕ್ಕೆ ವರ್ಷಕ್ಕೆ 70,000 ಬರುತ್ತದೆ. ಅಸಲಿನ ಶಕ್ತಿ ಕುಗ್ಗದಂತೆ ಕಾಯಬೇಕಾದರೆ ಅದರಲ್ಲಿ 60,000ವನ್ನು ಠೇವಣಿಗೇ ಮರಳಿಸಬೇಕಿತ್ತು. ಖರ್ಚಿಗೆ ಸಿಗಬೇಕಾಗಿದ್ದದ್ದು 10,000. ಪೂರಾ 70,000 ಖರ್ಚು ಮಾಡಿದರೆ ಅದರಲ್ಲಿ ಏಳನೇ ಆರು ಪಾಲು ಅಸಲೇ. ಹನ್ನೆರಡು ವರ್ಷಕ್ಕೆ ಆ 10 ಲಕ್ಷದ ಬೆಲೆ ಅರ್ಧಕ್ಕೆ ಇಳಿಯುತ್ತದೆ, ಬರುವ ಬಡ್ಡಿಯ ಬೆಲೆಯೂ ಅರ್ಧಕ್ಕೆ. ಇಪ್ಪತ್ತು ವರ್ಷಕ್ಕೆ ಮೂರನೇ ಒಂದಕ್ಕಿಂತ ಕಡಿಮೆ. ವಯಸ್ಸಾದಂತೆ ಖರ್ಚು ಏರುತ್ತದೆ, ಬಡ್ಡಿ ಅಷ್ಟೇ ಇರುತ್ತದೆ; ಆಗ ಹಿರಿಯರು ತಮ್ಮ ಖರ್ಚನ್ನೇ ಕಡಿಮೆ ಮಾಡಿಕೊಳ್ಳುತ್ತ ಹೋಗುತ್ತಾರೆ, ಯಾರಿಗೂ ಹೇಳುವುದಿಲ್ಲ. ನಿಮ್ಮ ತಾಯಿ ಇತ್ತೀಚೆಗೆ ಯಾವ ಖರ್ಚನ್ನು ಬಿಟ್ಟಿದ್ದಾರೆ ಎಂದು ಕೇಳಿ ನೋಡಿ.

ಹಾಗೆಂದು ಅವರ ಹಣವನ್ನೆಲ್ಲ ಷೇರಿಗೆ ಹಾಕಿಸಬೇಡಿ. ಅವರದು ಪ್ರತಿವರ್ಷ ಹಣ ತೆಗೆಯುವ ಸ್ಥಿತಿ, ನಿಮ್ಮದು ಸುಮ್ಮನೆ ಬಿಡುವ ಸ್ಥಿತಿ. 10 ಲಕ್ಷ ಶೇ 40 ಕುಸಿದು 6 ಲಕ್ಷವಾದರೆ, ಸುಮ್ಮನೆ ಬಿಟ್ಟವರು ಮೊದಲಿನ ಮಟ್ಟಕ್ಕೆ ಬರಲು ಶೇ 67ರ ಏರಿಕೆ ಸಾಕು. ಆ ವರ್ಷವೂ ಖರ್ಚಿಗೆ 50,000 ತೆಗೆದವರಿಗೆ ಬೇಕಾಗುವುದು ಶೇ 82. ಮುಂದಿನ ವರ್ಷ ಮತ್ತೆ ತೆಗೆದರೆ ಇನ್ನೂ ಹೆಚ್ಚು. ಆದ್ದರಿಂದ ಐದಾರು ವರ್ಷದ ಖರ್ಚಿಗೆ ಸಾಲುವಷ್ಟು ಮೊತ್ತವನ್ನು ಮೊದಲು ಠೇವಣಿಯಲ್ಲೇ ಉಳಿಸಿ. ಎಲ್ಲ ಒಂದೇ ದಿನ ಮುಗಿಯದಂತೆ ವರ್ಷಕ್ಕೊಂದರಂತೆ ಪಕ್ವವಾಗುವ ಸಣ್ಣ ಠೇವಣಿಗಳಾಗಿ ಒಡೆದರೆ, ಬಡ್ಡಿದರ ಏರಿದಾಗ ಅದರ ಲಾಭವೂ ಸಿಗುತ್ತದೆ. ಅದಕ್ಕೂ ಮಿಕ್ಕಿ ಹಣವಿದ್ದರೆ ಅದರಲ್ಲಿ ಒಂದು ಪಾಲನ್ನು, ಅವರು ಒಪ್ಪಿದರೆ ಮಾತ್ರ, ಸೂಚ್ಯಂಕ ಫಂಡಿಗೆ ಹಾಕಿ. ಪೇಟೆ ಏರಿದ ವರ್ಷ ಅಲ್ಲಿಂದ ಒಂದು ವರ್ಷದ ಖರ್ಚನ್ನು ತೆಗೆದು ಖಾಲಿಯಾದ ಠೇವಣಿಯ ಜಾಗ ತುಂಬಿ. ಬಿದ್ದ ವರ್ಷ ಫಂಡನ್ನು ಮುಟ್ಟದೆ ಆ ವರ್ಷ ಪಕ್ವವಾಗುವ ಠೇವಣಿಯನ್ನೇ ಖರ್ಚು ಮಾಡಲಿ, ಬಡ್ಡಿಯನ್ನೂ ಅಸಲನ್ನೂ ಸೇರಿಸಿ.